ಹೊಸ ಸಿಇಒ ಬಗ್ಗೆ ನಾಲ್ಕು ಸಾಲು

ನೀವು ಕಳಿಸಿದ ಪ್ಯಾರಾ ‘ದೂರದೃಷ್ಟಿಯ ನಾಯಕ’ ಎಂದು ಶುರುವಾಗುತ್ತದೆ. ಅವರು ಇದುವರೆಗೆ ಎಲ್ಲಿದ್ದರು ಎಂಬ ಮಾಹಿತಿ ಕೊನೆಯ ಸಾಲಿನಲ್ಲಿದೆ. ಪತ್ರಿಕೆಗಳು ಅದನ್ನು ಕೈಬಿಟ್ಟದ್ದು ಅದಕ್ಕೇ. ಸಂಜೆಯ ಗಡಿಬಿಡಿಯಲ್ಲಿ ವರದಿಗಾರರು ಹುಡುಕುವುದು ಹುದ್ದೆ, ಅಧಿಕಾರ ವಹಿಸುವ ದಿನ, ಹಿಂದಿನ ಕೆಲಸ, ಯಾರ ಜಾಗಕ್ಕೆ ಬರುತ್ತಿದ್ದಾರೆ ಎಂಬುದು.

2017ರ ಡಿಸೆಂಬರ್‌ನಲ್ಲಿ ಇನ್ಫೊಸಿಸ್ ಪ್ರಕಟಿಸಿದ ನೇಮಕವನ್ನೇ ನೋಡಿ. ಅದರ ಸಾರವನ್ನು ನಾನು ಬರೆಯುವುದಾದರೆ ಹೀಗೆ: “ಸಲೀಲ್ ಪಾರೇಖ್ 2018ರ ಜನವರಿ 2ರಿಂದ ಐದು ವರ್ಷಗಳ ಅವಧಿಗೆ ಸಿಇಒ ಮತ್ತು ವ್ಯವಸ್ಥಾಪಕ ನಿರ್ದೇಶಕರಾಗಿರುತ್ತಾರೆ. ಈವರೆಗೆ ಅವರು ಕ್ಯಾಪ್‌ಜೆಮಿನಿಯ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಐಐಟಿ ಬಾಂಬೆಯಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಓದಿ, ಕಾರ್ನೆಲ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದಾರೆ. ಹಂಗಾಮಿ ಸಿಇಒ ಆಗಿದ್ದ ಯು.ಬಿ. ಪ್ರವೀಣ್ ರಾವ್ ಸಿಒಒ ಆಗಿ ಮುಂದುವರಿಯುತ್ತಾರೆ.”

ಒಂದೂ ಹೊಗಳಿಕೆ ಇಲ್ಲ, ಆದರೂ ವ್ಯಕ್ತಿಯ ತೂಕ ಗೊತ್ತಾಗುತ್ತದೆ. ಕೊನೆಯ ಸಾಲನ್ನಂತೂ ಬಿಡಲೇಬೇಡಿ. ‘ಹಿಂದಿನವರು ಏನಾದರು?’ ಎಂಬುದೇ ನಿಮಗೆ ಬರುವ ಮೊದಲ ಫೋನ್.

ಪದನಾಮ, ಇಸವಿ, ಪದವಿಗಳನ್ನು ಲಿಂಕ್ಡ್‌ಇನ್‌ನಿಂದ ಎತ್ತಿಕೊಳ್ಳಬೇಡಿ. ನೇಮಕಗೊಂಡವರಿಗೇ ಕರಡು ಕಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ‘ಪ್ರಾದೇಶಿಕ ಮುಖ್ಯಸ್ಥ’ ಅಚ್ಚಿನಲ್ಲಿ ‘ಮುಖ್ಯಸ್ಥ’ ಆಗಿಬಿಟ್ಟರೆ, ಹಳೆಯ ಕಂಪನಿಯವರೇ ಪತ್ರಿಕೆಗೆ ತಿದ್ದುಪಡಿ ಕಳಿಸುತ್ತಾರೆ. ನಿಮ್ಮದು ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾದ್ದರಿಂದ, ಮಾಹಿತಿ ಮೊದಲು ಷೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಪ್ರಕಟವಾದ ಮೇಲಷ್ಟೇ ವರದಿಗಾರರಿಗೆ ಮೇಲ್ ಮಾಡಿ.