ಚಾರ್ಜರ್ ಕಿತ್ತು ನೋಡಿ, ಆಮೇಲೆ ದುಡ್ಡು

ಮೂರು ವರ್ಷದ ಹಿಂದೆ ಗುಂಡ್ಲುಪೇಟೆಯಲ್ಲಿ ಪರಿಚಯದವರ ಮನೆಗೆ ಹೋಗಿ 12,000 ರೂಪಾಯಿಗೆ ಒಂದು ಹಳೇ ಲ್ಯಾಪ್‌ಟಾಪ್ ತಂದಿದ್ದೆ. ನಾನು ಹೋಗುವ ಹೊತ್ತಿಗೇ ಅದು ಚಾರ್ಜರ್ ಸಿಕ್ಕಿಸಿಕೊಂಡು, ಹಾಡು ಹಾಕಿಕೊಂಡು ರೆಡಿಯಾಗಿ ಕೂತಿತ್ತು. ಕಾಫಿ ಕುಡಿದೆ, ಫೋನಿನಲ್ಲೇ ದುಡ್ಡು ಹಾಕಿದೆ, ಚೀಲಕ್ಕಿಳಿಸಿಕೊಂಡು ಬಂದೆ. ಮನೆಯಲ್ಲಿ ಚಾರ್ಜರ್ ಕಿತ್ತ ಎರಡೇ ನಿಮಿಷಕ್ಕೆ ಅದು ಕಣ್ಣು ಮುಚ್ಚಿತು. ಬ್ಯಾಟರಿ ಒಂದೇ ಹೋಗಿದ್ದರೆ ಸರಿ, ಚಾರ್ಜಿಂಗ್ ಪಿನ್ ಕೂರುವ ಜಾಗವೂ ಒಳಗೆ ಅಲುಗಾಡುತ್ತಿತ್ತು. ಎರಡನ್ನೂ ಸರಿ ಮಾಡಿಸಲು 5,600 ಹೋಯಿತು. ಆಗ ಇನ್ನೊಂದೆರಡು ಸಾವಿರ ಸೇರಿಸಿದ್ದರೆ ಅದಕ್ಕಿಂತ ಒಳ್ಳೆಯದೇ ಬರುತ್ತಿತ್ತು.

ಹಾಗಾಗಿ ಹೋದ ತಿಂಗಳು ಅಕ್ಕನ ಮಗಳು "ಮಾವ, ಕಾಲೇಜಿಗೆ ಒಂದು ಸೆಕೆಂಡ್ ಹ್ಯಾಂಡ್ ಸಾಕು" ಅಂದಾಗ ಬಸ್ಸು ಹತ್ತಿ ಅವಳ ಜೊತೆ ಚಾಮರಾಜನಗರದ ಅಂಗಡಿಗೆ ಹೋದೆ. ಜೇಬಿನಲ್ಲಿ ಒಂದು ಪೆನ್‌ಡ್ರೈವ್, ಮನಸ್ಸಿನಲ್ಲಿ ಒಂದೇ ನಿಯಮ. ಸಿಗುವ ಪ್ರತಿ ದೋಷಕ್ಕೂ ರೂಪಾಯಿಯಲ್ಲಿ ಬೆಲೆ ಕಟ್ಟುವುದು. ಬೆಲೆ ಕಟ್ಟಲು ಬಂದರೆ ಚೌಕಾಸಿ, ಬರದಿದ್ದರೆ ವಾಪಸು.

ಅಂಗಡಿಯವರು ಎರಡು ತೆಗೆದಿಟ್ಟರು. ಒಂದು ಥಳಥಳ ಹೊಳೆಯುತ್ತಿತ್ತು, 14,500. ಇನ್ನೊಂದು ಯಾವುದೋ ಕಂಪನಿಯ ಲೀಸ್ ಮುಗಿಸಿ ಬೆಂಗಳೂರಿಂದ ಬಂದದ್ದು, ಮೈತುಂಬ ಗೀರು, 18,500. ಹುಡುಗಿಯ ಕಣ್ಣು ಹೋಗಿದ್ದು ಮೊದಲನೆಯದರ ಮೇಲೇ.

ಅದನ್ನು ಮುಚ್ಚಿ, ಗಾಜಿನ ಕೌಂಟರ್ ಮೇಲೆ ಇಟ್ಟು ನಾಲ್ಕೂ ಮೂಲೆಯನ್ನು ಬೆರಳಿನಿಂದ ಒತ್ತಿದೆ. ಕುಂಟುವ ಸ್ಟೂಲಿನ ಹಾಗೆ ಅಲ್ಲಾಡಿದರೆ ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಉಬ್ಬಿದ ಬ್ಯಾಟರಿ ಟಚ್‌ಪ್ಯಾಡನ್ನೂ ಕೆಳಗಿನಿಂದ ನೂಕುತ್ತದೆ, ಕ್ಲಿಕ್ ಗಟ್ಟಿಯಾಗುತ್ತದೆ. ಅಂಥದ್ದನ್ನು ಚಾರ್ಜಿಗೆ ಹಾಕಿ ನೋಡುವ ಸಾಹಸವೂ ಬೇಡ, ಬೆಂಕಿ ಹತ್ತಬಹುದು. ಇದು ಅಲ್ಲಾಡಲಿಲ್ಲ.

ಆಮೇಲೆ ಹಿಂಜ್. ಮುಚ್ಚಳವನ್ನು ನಡುವೆ ಹಿಡಿದು ತೆಗೆದರೆ ಎಲ್ಲಾ ಲ್ಯಾಪ್‌ಟಾಪೂ ಚೆನ್ನಾಗಿಯೇ ತೆರೆಯುತ್ತದೆ. ಒಂದು ಮೂಲೆ ಹಿಡಿದು ನಿಧಾನಕ್ಕೆ ಎತ್ತಬೇಕು, ಕಣ್ಣು ಮಾತ್ರ ಹಿಂಭಾಗದ ಹಿಂಜ್ ಮೇಲಿರಬೇಕು. ಎತ್ತಿದೆ. ಬಲಗಡೆ 'ಚಟ್' ಅಂತು, ಪರದೆಯ ಚೌಕಟ್ಟಿಗೂ ಹಿಂದಿನ ಮುಚ್ಚಳಕ್ಕೂ ನಡುವೆ ಉಗುರು ತೂರುವಷ್ಟು ಬಾಯಿ ಬಿಟ್ಟಿತು. ಒಳಗೆ ಇಣುಕಿದರೆ ಬೂದು ಬಣ್ಣದ ಎಂ-ಸೀಲ್ ಮುದ್ದೆ.

ಇಲ್ಲಿ ಆಗುವುದು ಇಷ್ಟೆ. ಹಿಂಜಿನ ಸ್ಕ್ರೂಗಳು ಕಚ್ಚಿಕೊಳ್ಳುವುದು ಪ್ಲಾಸ್ಟಿಕ್ಕಿನೊಳಗೆ ಕೂರಿಸಿದ ಸಣ್ಣ ಹಿತ್ತಾಳೆ ಬುಷ್‌ಗಳನ್ನು. ವರ್ಷ ಕಳೆದಂತೆ ಹಿಂಜ್ ಬಿಗಿಯಾಗುತ್ತದೆ, ಪ್ಲಾಸ್ಟಿಕ್ ಪೆಡಸಾಗುತ್ತದೆ, ತೆರೆದಾಗಲೆಲ್ಲ ಬುಷ್ಷನ್ನು ಎಳೆದೆಳೆದು ಒಂದು ದಿನ ಕಿತ್ತುಕೊಂಡೇ ಬರುತ್ತದೆ. ಎಂ-ಸೀಲ್ ಹಾಕಿದರೆ ಮಾರಾಟವಾಗುವ ತನಕ ನಿಲ್ಲುತ್ತದೆ. ಪರದೆಗೆ ಹೋಗುವ ಕೇಬಲ್ಲೂ ಹಿಂಜ್ ಪಕ್ಕದಲ್ಲೇ ಹಾಯುವುದರಿಂದ ಆಮೇಲೆ ಅದೂ ಉಜ್ಜಿ ಹೋಗುತ್ತದೆ. ಮುಚ್ಚಳವನ್ನು ಮುಂದೆ ಹಿಂದೆ ಆಡಿಸುವಾಗ ಪರದೆ ಮಿನುಗಿದರೆ ಕೇಬಲ್ ಕಡೆಯೇ ಅನುಮಾನ ಪಡಬೇಕು.

"ಅದೇನಿಲ್ಲ ಬುಡಿ ಸಾ, ಒಂದು ಸ್ಕ್ರೂ ಟೈಟ್ ಮಾಡಿದ್ರೆ ಸರೋಯ್ತದೆ" ಅಂದರು ಅಂಗಡಿಯವರು. ಹಾಗಾದರೆ ಮಾಡಿಕೊಡಿ, ಕಾಯುತ್ತೇನೆ ಅಂದೆ. ಅವರು ನಕ್ಕು ಎರಡನೆಯದನ್ನು ಮುಂದಕ್ಕೆ ತಳ್ಳಿದರು.

ಅದರ ಪ್ರೊಸೆಸರ್ ಹೆಸರು i5-8350U. ನಡುವಿನ ಆ 8 ಅಂದರೆ ಎಂಟನೇ ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮದ ಪ್ರಕಾರ ಕೂರಬೇಕೆಂದರೆ ಇಂಟೆಲ್‌ನಲ್ಲಿ ಬಹುಪಾಲು ಎಂಟರಿಂದ ಮೇಲಿನದೇ ಬೇಕು. i5-7300U ಎಂದಿರುವುದು ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ.

ಈಗ ಬ್ಯಾಟರಿ. ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಟೈಪಿಸಿದೆ:

```
powercfg /batteryreport
```

ವರದಿ ಎಲ್ಲಿ ಉಳಿಯಿತೆಂದು ಅದೇ ತೋರಿಸುತ್ತದೆ, ಬ್ರೌಸರಿನಲ್ಲಿ ತೆರೆದರಾಯಿತು. ನೋಡಬೇಕಾದ್ದು ಎರಡು ಸಾಲು. DESIGN CAPACITY ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದದ್ದು, FULL CHARGE CAPACITY ಅಂದರೆ ಈಗ ಹಿಡಿಯುವುದು. ಇದರಲ್ಲಿ 60,000 ಮತ್ತು 33,000 ಇತ್ತು. ನೂರಕ್ಕೆ 55. ವಿಂಡೋಸ್ ಹೊಸದಾಗಿ ಹಾಕಿದ್ದರೆ ಕೆಳಗಿನ ಚರಿತ್ರೆ ಖಾಲಿ ಇರುತ್ತದೆ, ಆದರೆ ಈ ಎರಡು ಅಂಕಿ ಬರುವುದು ಬ್ಯಾಟರಿಯಿಂದಲೇ.

ಹಾಗಂತ ಅಂಕಿಯನ್ನೂ ಪೂರ್ತಿ ನಂಬಬಾರದು. ಏಳೆಂಟು ವರ್ಷದ ಯಂತ್ರದಲ್ಲಿ ಎರಡೂ ಅಂಕಿ ಸರಿಸಮ ಬಂದರೆ ಯಾರೋ ಅಗ್ಗದ ಡೂಪ್ಲಿಕೇಟ್ ಬ್ಯಾಟರಿ ಹಾಕಿರಬಹುದು, ಅದು ತನ್ನ ಬಗ್ಗೆ ತಾನೇ ಸುಳ್ಳು ಹೇಳುತ್ತದೆ. ಅದಕ್ಕೇ ಗಡಿಯಾರ ಬೇಕು. ಪೂರ್ತಿ ಚಾರ್ಜ್ ಆದ ಮೇಲೆ ವೈರ್ ಕಿತ್ತು, ಬೆಳಕು ಏರಿಸಿ, ವಿಡಿಯೋ ಹಾಕಿ ಇಪ್ಪತ್ತು ನಿಮಿಷ ಕೂತೆವು. 100 ಇದ್ದದ್ದು 90ಕ್ಕೆ ಇಳಿಯಿತು. ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಕಾಲೇಜಿಗೆ ಸಾಕು. ಕೆಲವು ಹಳೇ ಬ್ಯಾಟರಿ 40ರ ತನಕ ಸುಮ್ಮನಿದ್ದು ಆಮೇಲೆ ಒಂದೇ ಸಲ 7ಕ್ಕೆ ಬೀಳುತ್ತವೆ. ಇಪ್ಪತ್ತು ನಿಮಿಷದಲ್ಲಿ ಅದು ಗೊತ್ತಾಗುವುದಿಲ್ಲ.

ಆ ಹೊತ್ತಿನಲ್ಲಿ ಹುಡುಗಿ ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತಿದಳು, ನಾನು ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ ತೆಗೆದೆ. ಫ್ಯಾನಿನ ಜಾಲರಿಗೆ ಫೋನಿನ ಟಾರ್ಚ್ ಬಿಟ್ಟರೆ ಹಳದಿ ಧೂಳು. ಬೆಂಗಳೂರಿನ ಕಂಪನಿಯಲ್ಲಿ ಅರಿಸಿನ ಎಲ್ಲಿಂದ ಬಂತು? ಕೇಳಿದರೆ, ನಡುವೆ ನಾಲ್ಕು ತಿಂಗಳು ಇಲ್ಲೇ ಒಂದು ಮಂಡಿಯಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿದ್ದರು ಅಂದರು. ಬ್ರಷ್ಷಿನಲ್ಲಿ ಹೋಗುವ ಧೂಳು, ಅದಕ್ಕೆ ದುಡ್ಡು ಕಡಿಯಲಿಲ್ಲ.

ಚಾರ್ಜರ್ ಮಾತ್ರ ಕೈಕೊಟ್ಟಿತು. ಈ ಬಗೆಯ ಚಾರ್ಜರಿನ ತುದಿಯೊಳಗೆ ನಡುವೆ ಸೂಜಿಯಂಥ ಪಿನ್ ಇರುತ್ತದೆ. ತಾನು ಎಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪಿಗೆ ಹೇಳುವುದು ಅದೇ. ಪಿನ್ ಬಾಗಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ತುಂಬುವುದಿಲ್ಲ, ವೇಗವೂ ಇಳಿಯುತ್ತದೆ. ವೈರ್ ಮತ್ತೆ ಸಿಕ್ಕಿಸಿ ಬುಡವನ್ನು ಮೆಲ್ಲಗೆ ಆಡಿಸಿದೆ. ಚಾರ್ಜ್ ಗುರುತು ಬಂತು, ಹೋಯಿತು, ಬಂತು. ಅಂಗಡಿಯ ಇನ್ನೊಂದು ಚಾರ್ಜರ್ ಹಾಕಿದೆ, ನಿಂತಿತು. ಅಂದರೆ ದೋಷ ಚಾರ್ಜರಿನದು, ಬೋರ್ಡಿನದಲ್ಲ. ನನ್ನ 12,000ದ ಕಾಲದಲ್ಲಿ ಈ ಒಂದು ಅದಲುಬದಲು ಮಾಡಿ ನೋಡಿದ್ದರೆ!

ಕೊನೆಗೆ ಆಫ್ ಮಾಡಿ, ಆನ್ ಮಾಡುವಾಗ F2 ಒತ್ತಿ ಬಯಾಸ್‌ಗೆ ಹೋದೆ. ಕಂಪನಿಗೆ ತಕ್ಕಂತೆ ಈ ಕೀ ಬದಲಾಗುತ್ತದೆ. ಇಲ್ಲಿ ಪಾಸ್‌ವರ್ಡ್ ಕೇಳಿದರೆ ಎದ್ದು ಬರಬೇಕು, ಯಾಕೆಂದರೆ ಬೀಗ ಇನ್ನೂ ಹಳೇ ಮಾಲೀಕರದೇ. ಕೇಳಲಿಲ್ಲ. ಅಲ್ಲಿ ಕಾಣುವ ಸೀರಿಯಲ್ ನಂಬರನ್ನು ಕೆಳಗಿನ ಚೀಟಿಯ ನಂಬರಿನ ಜೊತೆ ತಾಳೆ ನೋಡಿದೆ. ಒಂದೇ. ಬೇರೆಯಾಗಿದ್ದರೆ ಬೋರ್ಡ್ ಬದಲಾಗಿರಬಹುದು, ಕದ್ದ ಮಾಲೂ ಇರಬಹುದು. ಎರಡಕ್ಕೂ ನನ್ನ ಹತ್ತಿರ ಬೆಲೆ ಇಲ್ಲ.

ಲೆಕ್ಕಕ್ಕೆ ಕೂತೆವು. ಹೊಸ ಬ್ಯಾಟರಿ ಹಾಕಿಸಲು ಅವರೇ ಹೇಳಿದ ದರ 3,200, ಚಾರ್ಜರ್ 1,100. 18,500ರಲ್ಲಿ 4,300 ಕಳೆದು 14,200 ಅಂದೆ. ಹಳೇ ಬ್ಯಾಟರಿ ಇನ್ನೂ ಓಡುತ್ತದಲ್ಲ ಸಾ ಅಂದರು, ಅದೂ ನ್ಯಾಯವೇ. ಕೈಯಲ್ಲಿದ್ದ ಒಳ್ಳೇ ಚಾರ್ಜರನ್ನೇ ಕೊಟ್ಟು 16,000ಕ್ಕೆ ನಿಂತಿತು. ಸೀರಿಯಲ್ ನಂಬರ್ ಬರೆದ ಬಿಲ್ ಕೈಗೆ ಬಂದ ಮೇಲೆ ಫೋನ್ ತೆಗೆದೆ.

ತೆರಕಣಾಂಬಿ ದಾಟುವ ಹೊತ್ತಿಗೆ ಹುಡುಗಿ ಬಸ್ಸಿನಲ್ಲೇ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಏನೋ ಟೈಪಿಸುತ್ತಿದ್ದಳು. ಇಣುಕಿ ನೋಡಿದೆ. ಕಪ್ಪು ಕಿಟಕಿಯಲ್ಲಿ ಮತ್ತೆ ಅದೇ ಸಾಲು. "ಬಸ್ಸಲ್ಲೂ 33,000ನೇ ಇದೆ ಮಾವ" ಅಂದಳು.