ಕೀಲಿಕೈ ಎಷ್ಟಕ್ಕೆ, ಅಕ್ಕಿಕಾಳು ಎಷ್ಟಕ್ಕೆ, ಖಾಲಿ ಎಷ್ಟಕ್ಕೆ?

ತಮ್ಮಾ, ಕಾರ್ಯಾಲಯಕ್ಕೆ ಇಸಾರ ಕೊಟ್ಟು ಬಂದೆ ಅಂತ ಪಾವತಿ ತೋರಿಸಿದೆಯಲ್ಲ, ನೋಡಿದೆ. ತಾರೀಖು ಇದೆ, ರೊಕ್ಕ ಇದೆ, ಸಹಿ ಇದೆ. ತಾಸು ಮಾತ್ರ ಒಂದೂ ಇಲ್ಲ. ಮಗಳ ಮದುವೆ ಇಂಡಿಯಲ್ಲಿ, ಬೀಗರು ಬರುವುದು ಮುದ್ದೇಬಿಹಾಳದಿಂದ, ನೆಂಟರಲ್ಲಿ ಅರ್ಧ ಸಿಂದಗಿ ಕಡೆಯವರು, ಇನ್ನರ್ಧ ಬಸವನ ಬಾಗೇವಾಡಿ ಕಡೆಯವರು. ಇಷ್ಟು ಊರಿನ ಜನ ಸೇರುವ ಕಾರ್ಯಕ್ಕೆ ಬರೀ ತಾರೀಖು ಸಾಲದು. ಮ್ಯಾನೇಜರ್ ಎದುರು ಇನ್ನೊಮ್ಮೆ ಹೋಗಿ ಕೂತುಕೋ.

• "ಒಂದು ದಿನದ ಬಾಡಿಗೆ" ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಮೊದಲು ಬಿಡಿಸಿ ಕೇಳು. ಕೆಲವರ ದಿನ ಹಿಂದಿನ ಸಂಜೆ ಶುರುವಾಗಿ ಮರುದಿನ ಸಂಜೆಗೆ ಮುಗಿಯುತ್ತದೆ. ಕೆಲವರದು ಮುಂಜಾನೆ 6ರಿಂದ ಸಂಜೆ 6. ಹಂಗಾಮಿನಲ್ಲಿ ಒಂದೇ ದಿನ ಎರಡು ಮದುವೆಗೆ ಕೊಡುವವರೂ ಇದ್ದಾರೆ: ಮಧ್ಯಾಹ್ನದ ಅಕ್ಕಿಕಾಳಿನವರು ಒಬ್ಬರು, ಗೋಧೂಳಿಯವರು ಇನ್ನೊಬ್ಬರು. "ದಿನಾ ಎಲ್ಲಾ ನಿಮ್ದ ಐತ್ರಿ" ಅನ್ನುವ ಮಾತಿಗೆ ತಲೆ ಆಡಿಸಿ ಬರಬೇಡ. "ಸಾಹೇಬ್ರ, ಕೀಲಿಕೈ ನಮ್ಮ ಕೈಗೆ ಯಾವ ತಾರೀಖು, ಎಷ್ಟು ಗಂಟೆಕ್ಕ ಬರ್ತೈತ್ರಿ? ಹಿಂದಿನವರು ಯಾರು, ಅವ್ರು ಎಷ್ಟಕ್ಕ ಏಳ್ತಾರ್ರಿ?" ಅಂತ ಕೇಳು. ಎರಡನೆಯ ಪ್ರಶ್ನೆಯೇ ಮುಖ್ಯ. ನಮ್ಮ ತಂಗಿಯ ಮಗಳ ಮದುವೆಯಲ್ಲಿ ಸಂಜೆ 6ಕ್ಕೆ ಸರಿಯಾಗಿ ಕೀಲಿಕೈ ಕೊಟ್ಟರು. ಒಳಗೆ ಹೋದರೆ ಹಿಂದಿನ ಮದುವೆಯ ಜನ ಇನ್ನೂ ಉಣ್ಣುತ್ತಿದ್ದರು. ರಾತ್ರಿ ಒಂಬತ್ತೂವರೆವರೆಗೆ ನಮ್ಮ ಮಂಟಪದ ಹುಡುಗರು ಟ್ರ್ಯಾಕ್ಟರ್ ಮೇಲೇ ಕೂತಿದ್ದರು. ಅಡಿಗೆಯವರಿಗೆ ಒಲೆ ಹಚ್ಚಲಿಕ್ಕೆ ಜಾಗ ಸಿಕ್ಕಿದ್ದು ಹತ್ತಕ್ಕೆ.

• ಅಕ್ಕಿಕಾಳಿನಿಂದ ಹಿಂದಕ್ಕೆ ಎಣಿಸು. ನಿನ್ನ ಲಗ್ನಪತ್ರಿಕೆಯಲ್ಲಿ ಮಧ್ಯಾಹ್ನ 12.35 ಅಂತ ಇದೆ. ಮುಂಜಾನೆ 8ಕ್ಕೆ ಸುರಗಿ ಅಂದುಕೊಂಡರೆ ಏಳೂವರೆಗೆ ಉಪ್ಪಿಟ್ಟು, ಚಹಾ ತಯಾರಿರಬೇಕು. ಅದಕ್ಕೆ ಅಡಿಗೆಯವರು ನಸುಕಿನ 4ಕ್ಕೆ ಒಲೆ ಹಚ್ಚಬೇಕು, ಕಾಯಿಪಲ್ಲೆ ಹೆಚ್ಚುವುದು, ಬುಂದೆ ಕರಿಯುವುದು ಹಿಂದಿನ ರಾತ್ರಿಯೇ ಆಗಬೇಕು. ಹೂವಿನ ಮಂಟಪ ಕಟ್ಟಲಿಕ್ಕೆ ಐದಾರು ತಾಸು ಬೇಕು, ಮತ್ತು ಹೆಣ್ಣುಮಕ್ಕಳು ಓಡಾಡುವ ಹೊತ್ತಿನಲ್ಲಿ ಅಲ್ಲಿ ಏಣಿ, ಸುತ್ತಿಗೆ ಇರಬಾರದು. ಎಲ್ಲ ಕೂಡಿಸಿದರೆ ಹಿಂದಿನ ದಿನ ಸಂಜೆ 6ಕ್ಕೆ ಕಾರ್ಯಾಲಯ ಖಾಲಿಯಾಗಿ ಸಿಗಲೇಬೇಕು. ಅವರು "ರಾತ್ರಿ ಹತ್ತಕ್ಕೆ ಕೊಡ್ತೀವ್ರಿ" ಅಂದರೆ ಜಗಳ ಮಾಡಬೇಡ. ಅಡಿಗೆಮನೆ ಮತ್ತು ಹಿತ್ತಲನ್ನಾದರೂ 6ಕ್ಕೆ ಬಿಟ್ಟುಕೊಡಲು ಕೇಳು, ವೇದಿಕೆ ಹತ್ತಕ್ಕೆ ಸಿಕ್ಕರೂ ನಡೆದೀತು. ಅರಿಷಿಣವನ್ನೂ ಅಲ್ಲಿಯೇ ಹಚ್ಚುವುದಿದ್ದರೆ ಈ ಹೊಂದಾಣಿಕೆ ನಡೆಯದು.

ಸುರಗಿ ಎಲ್ಲಿ ಮಾಡಬಹುದು ಅಂತಲೂ ಅವರನ್ನೇ ಕೇಳು. ನೀರು ಹರಿದುಹೋಗುವ ಅಂಗಳ ತೋರಿಸಲಿ. ಟೈಲ್ಸ್ ಮೇಲೆ ಅರಿಷಿಣದ ಕಲೆ ಆಯಿತು ಅಂತ ಡಿಪಾಜಿಟ್‌ನಲ್ಲಿ ರೊಕ್ಕ ಹಿಡಿಯುವುದು ಹೊಸ ಮಾತೇನಲ್ಲ.

• ಪಂಚಾಂಗದ ದಿನ ಬೇರೆ, ಮ್ಯಾನೇಜರ್ ವಹಿಯ ದಿನ ಬೇರೆ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ವಹಿಯಲ್ಲಿ ನಡುರಾತ್ರಿಗೆ. ನಸುಕಿನ 5 ಗಂಟೆಯ ಮುಹೂರ್ತವನ್ನು ಅಯ್ಯನವರು ರವಿವಾರದ್ದು ಅಂದರೆ, ವಹಿಯಲ್ಲಿ ಅದು ಸೋಮವಾರ ಆಗಿರಬಹುದು. ನಿನ್ನದು ಮಧ್ಯಾಹ್ನದ್ದು, ತೊಂದರೆ ಇಲ್ಲ. ಆದರೂ ತಾರೀಖು, ವಾರ ಎರಡನ್ನೂ ಬರೆಸು. ಬಸವ ಜಯಂತಿಯ ದಿನ ಹಿಡಿದವರಿಗೆ ಇನ್ನೊಂದು ಮಾತು. ಅಂದೇ ಅಕ್ಷಯ ತೃತೀಯ, ಮದುವೆಗಳ ಸುಗ್ಗಿ. ಬಾಗೇವಾಡಿಯಲ್ಲಂತೂ ರಸ್ತೆ ತುಂಬ ಜನ. ಕಾರ್ಯಾಲಯದ ಬಾಗಿಲಿನ ತನಕ ಟ್ರ್ಯಾಕ್ಟರ್ ಬರುತ್ತದೋ ಇಲ್ಲವೋ ಅಂತಲೂ ಕೇಳಿಕೊಳ್ಳಬೇಕು.

• ಬೀಗರ ದಾರಿ ಲೆಕ್ಕ ಹಾಕು. ಮುದ್ದೇಬಿಹಾಳದಿಂದ ಇಂಡಿಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಮೂರು ತಾಸು, ನಡುವೆ ಚಹಾಕ್ಕೆ ನಿಲ್ಲಿಸುವುದು ಬೇರೆ. ಏಳಕ್ಕೆ ಬಿಡುತ್ತೇವೆ ಅಂದವರು ಎಂಟಕ್ಕೆ ಬಿಡುತ್ತಾರೆ, ಇದು ನಮ್ಮ ಪದ್ಧತಿ. ಮೇಲೆ ಬ್ಯಾಂಡ್ ಹಚ್ಚಿ ಕುಣಿಯುವವರು ಇದ್ದರೆ 12.35ರ ಅಕ್ಕಿಕಾಳು 1.20ಕ್ಕೆ ಬೀಳುತ್ತದೆ. ಹೀಗೆ ಮುಕ್ಕಾಲು ತಾಸು ಸರಿದರೆ ಖಾಲಿ ಮಾಡುವ ಹೊತ್ತೂ ಸರಿಯುತ್ತದೆಯೋ ಅಂತ ಮ್ಯಾನೇಜರ್‌ಗೆ ಇವತ್ತೇ ಕೇಳು. ಸರಿಯುವುದಿಲ್ಲ ಅಂತಲೇ ಅನ್ನುತ್ತಾರೆ. ಅನ್ನಲಿ. ಹೆಚ್ಚಿನ ತಾಸಿಗೆ ಎಷ್ಟು ರೊಕ್ಕ ಅನ್ನುವುದನ್ನು ಈಗಲೇ ಬರೆಸಿಕೊಂಡರೆ ಅವತ್ತು ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವುದು ತಪ್ಪುತ್ತದೆ.

• ಖಾಲಿ ಮಾಡುವ ತಾಸನ್ನು ಊಟದ ಪಂಕ್ತಿಯಿಂದ ಎಣಿಸು. 900 ಜನ ಅಂತೀಯಲ್ಲ, ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ 250 ಜನ ಕೂಡುತ್ತಾರೆ. ಅಂದರೆ ನಾಲ್ಕು ಪಂಕ್ತಿ. ಬಡಿಸಿ, ಉಂಡು, ಎಲೆ ಎತ್ತಲಿಕ್ಕೆ ಪಂಕ್ತಿಗೆ 40 ನಿಮಿಷ ಹಿಡಿ. 1 ಗಂಟೆಗೆ ಶುರುವಾದರೆ 3.40. ಮನೆಯವರು, ಬ್ಯಾಂಡಿನವರು, ಬಡಿಸಿದ ಹುಡುಗರು ಉಣ್ಣುವಷ್ಟರಲ್ಲಿ 4.15. ಆಮೇಲೆ ಹುಡುಗಿಯನ್ನು ಕಳಿಸುವ ಕಾರ್ಯ. ಅತ್ತು ಮುಗಿಸಲಿಕ್ಕೆ ಹೊತ್ತು ಗೊತ್ತು ಮಾಡಲಾಗದು, ಅದನ್ನು ಬಿಟ್ಟೇ ಬಿಡು. ಅತ್ತ ಭಾಂಡೆ ತೊಳೆದು ಎಣಿಸಿ ಒಪ್ಪಿಸುವುದು, ಇತ್ತ ಮಂಟಪ ಬಿಚ್ಚುವುದು, ಎರಡೂ ಕೂಡಿಯೇ ನಡೆದರೂ ಒಂದೂವರೆ ತಾಸು. ಮುಗಿಯುವುದು 5.45ಕ್ಕೆ. ಅಕ್ಕಿಕಾಳು ತಡವಾದರೆ ಆರೂವರೆ. ಆದ್ದರಿಂದ "ನಾಕಕ್ಕ ಖಾಲಿ" ಅಂದರೆ ಒಪ್ಪಬೇಡ, ಏಳು ಕೇಳಿ ಆರೂವರೆಗೆ ನಿಲ್ಲು. ಖಾಲಿ ಅಂದರೆ ಬರೀ ಜನ ಹೊರಬೀಳುವುದೋ, ಭಾಂಡೆ, ಹೂವು, ಕಸ ಎಲ್ಲವೂ ಹೋಗುವುದೋ ಅದನ್ನೂ ಕೇಳು. ಮದುಮಗಳ ಕೋಣೆಯೊಂದನ್ನು ರಾತ್ರಿ 8ರವರೆಗೆ ಇಟ್ಟುಕೊಳ್ಳಲು ಹೆಚ್ಚಿನವರು ಬೇಡ ಅನ್ನುವುದಿಲ್ಲ. ಆಯೇರಿಯ ಸಾಮಾನು, ಮುದುಕರು ಅಲ್ಲಿ ಇರಲಿ.

ಗೋಧೂಳಿಯ ಮದುವೆ ಮಾಡುವವರ ಲೆಕ್ಕವೇ ಬೇರೆ. ರಾತ್ರಿ 10ರಿಂದ ಮುಂಜಾನೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇದೆ, ಬ್ಯಾಂಡ್ ಅಷ್ಟರೊಳಗೆ ಮುಗಿಸಬೇಕು.

• ಕೀಲಿಕೈ ತೆಗೆದುಕೊಳ್ಳುವಾಗ ಕರೆಂಟ್ ಮೀಟರ್‌ನ ಫೋಟೋ ಹೊಡಿ, ಕೊಡುವಾಗ ಇನ್ನೊಂದು. ಜನರೇಟರ್ ಇದ್ದರೆ ಡೀಸೆಲ್‌ನ ಅಳತೆಯನ್ನೂ ನೋಡಿಕೋ. ಹುಡುಗ-ಹುಡುಗಿಯ ವಯಸ್ಸಿನ ದಾಖಲೆ ಕೇಳಿದರೆ ಸಿಟ್ಟಾಗಬೇಡ. 18, 21 ತುಂಬದ ಮದುವೆಗೆ ಜಾಗ ಕೊಟ್ಟವರ ಮೇಲೂ ಕೇಸು ಬೀಳಬಹುದು, ಅವರ ಹೆದರಿಕೆ ಅವರಿಗೆ.

• ಮಾತೆಲ್ಲ ಮುಗಿದ ಮೇಲೆ ಅಲ್ಲೇ ಕೂತು ಅವರ ವಾಟ್ಸ್ಆ್ಯಪ್‌ಗೆ ಕಳಿಸು: "ಕೀಲಿಕೈ ಹಿಂದಿನ ದಿನ ಸಂಜೆ 6ಕ್ಕೆ, ಕಾರ್ಯಾಲಯ ಖಾಲಿ ಇರುವಂತೆ. ಅಕ್ಕಿಕಾಳು ಮಧ್ಯಾಹ್ನ 12.35ಕ್ಕೆ. ಭಾಂಡೆ ಸಮೇತ ಖಾಲಿ ಸಂಜೆ 6.30ಕ್ಕೆ. ಕೋಣೆ ಒಂದು ರಾತ್ರಿ 8ರವರೆಗೆ. ಅದೇ ದಿನ ಬೇರೆ ಕಾರ್ಯ ಇಲ್ಲ." ತಾರೀಖು, ವಾರ ಮರೆಯದೆ ಸೇರಿಸು. ಅವರು "ಹೌದು" ಅಂತ ಬರೆದು ಕಳಿಸುವವರೆಗೆ ಕುರ್ಚಿ ಬಿಟ್ಟು ಏಳಬೇಡ. ಹದಿನೈದು ದಿನ ಮುಂಚೆ ಒಮ್ಮೆ, ಹಿಂದಿನ ದಿನ ಮುಂಜಾನೆ ಒಮ್ಮೆ ಫೋನ್ ಮಾಡು. ಬರುವಾಗ ವಾಚ್‌ಮನ್ ನಂಬರೂ ತೆಗೆದುಕೋ. ಆ ಸಂಜೆ ಮ್ಯಾನೇಜರ್ ತಮ್ಮ ನೆಂಟರ ಮದುವೆಗೆ ಹೋಗಿರುತ್ತಾರೆ, ಕೀಲಿಕೈ ವಾಚ್‌ಮನ್ ಕಿಸೆಯಲ್ಲಿ ಇರುತ್ತದೆ.