ಒಂದು ನಿಮಿಷದ ಮಳೆನೀರು ಕೊಯ್ಲು: ಗ್ರಾಮಸಭೆಯ ಚಲನಚಿತ್ರಿಕೆಗೆ ನಿರೂಪಣಾ ಪಠ್ಯ



ಗ್ರಾಮಸಭೆಯಲ್ಲಿ ಪ್ರದರ್ಶಿಸಲು ಅರವತ್ತು ಸೆಕೆಂಡುಗಳ ಒಂದು ಅನಿಮೇಷನ್ ಚಿತ್ರಕ್ಕಾಗಿ ಸಿದ್ಧಪಡಿಸಿದ ನಿರೂಪಣೆಯನ್ನು ಈ ಪಾಠದಲ್ಲಿ ನೀಡಲಾಗಿದೆ. ಸಭೆಗೆ ಕೇಳಿ ಅರ್ಥವಾಗುವ ವೇಗದಲ್ಲಿ ಓದಿದರೆ ಒಂದು ನಿಮಿಷಕ್ಕೆ ತೊಂಬತ್ತರ ಆಸುಪಾಸು ಕನ್ನಡ ಪದಗಳು ಮಾತ್ರ ಹಿಡಿಸುತ್ತವೆ. ಆದುದರಿಂದ ಏನನ್ನು ಹೇಳಬೇಕು ಎನ್ನುವುದಕ್ಕಿಂತ ಏನನ್ನು ಬಿಡಬಾರದು ಎನ್ನುವುದೇ ಇಲ್ಲಿ ಮುಖ್ಯವಾಯಿತು.

ನನ್ನ ಮೊದಲ ಕರಡಿನಲ್ಲಿ ಛಾವಣಿ, ಕೊಳವೆ, ಸೋಸು ತೊಟ್ಟಿ, ಸಂಗ್ರಹ ತೊಟ್ಟಿ ಎಲ್ಲವೂ ಇದ್ದವು. ಮೊದಲ ಮಳೆಯ ಕೊಳೆನೀರನ್ನು ಹೊರಹಾಕುವ ಭಾಗಕ್ಕೆ ಮಾತ್ರ ಸಮಯ ಸಾಲದೆಂದು ಅದನ್ನು ಕೈಬಿಟ್ಟಿದ್ದೆ. ಆಗ ನೆನಪಾದದ್ದು, ಹಿಂದೆ ನಾನು ಕಂಡ ಒಂದು ಶಾಲೆಯ ತೊಟ್ಟಿ. ಕಾಮಗಾರಿಯ ಬಿಲ್ಲು, ಭಾವಚಿತ್ರ, ಅಳತೆ ಪುಸ್ತಕ ಯಾವುದರಲ್ಲೂ ಕೊರತೆಯಿರಲಿಲ್ಲ. ಆದರೂ ಮಳೆಗಾಲ ಆರಂಭವಾದ ಮೂರನೆಯ ವಾರಕ್ಕೆ ನೀರು ವಾಸನೆ ಬಂದಿತು, ಮಕ್ಕಳು ಮುಟ್ಟಲಿಲ್ಲ, ಶಿಕ್ಷಕರು ನಲ್ಲಿಗೆ ಬೀಗ ಹಾಕಿಸಿದರು. ಕಾರಣ ಹುಡುಕಿದಾಗ, ಮೊದಲ ಮಳೆಗೆಂದು ಅಳವಡಿಸಿದ್ದ ಕೊಳವೆ ನಾಲ್ಕು ಇಂಚು ವ್ಯಾಸದ, ಮೂರು ಅಡಿ ಉದ್ದದ ತುಂಡು ಎಂದು ತಿಳಿಯಿತು. ಅಂತಹ ತುಂಡಿನಲ್ಲಿ ಹಿಡಿಯುವುದು ಸುಮಾರು 7 ಲೀಟರ್ ನೀರು. ಆ ಛಾವಣಿಗೆ ಬೇಕಾಗಿದ್ದುದು 80 ಲೀಟರ್.

ಈ 80 ಎಂಬ ಸಂಖ್ಯೆ ಬರುವ ಬಗೆ ಸರಳವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಆರ್‌ಸಿಸಿ ಛಾವಣಿ 80 ಚದರ ಮೀಟರ್. ಛಾವಣಿಯ ಧೂಳು ತೊಳೆದುಹೋಗಲು ಕನಿಷ್ಠ ಒಂದು ಮಿಲಿಮೀಟರ್ ಮಳೆಯನ್ನಾದರೂ ಬಿಟ್ಟುಕೊಡಬೇಕು. ಮೇಲೆ ಮರದ ಕೊಂಬೆಗಳು ಚಾಚಿಕೊಂಡಿದ್ದರೆ ಎರಡು ಮಿಲಿಮೀಟರ್. ಹೀಗಾಗಿ ಈ ಶಾಲೆಗೆ 100 ಲೀಟರಿನ ಒಂದು ಪ್ಲಾಸ್ಟಿಕ್ ಡ್ರಮ್ ಬೇಕಿತ್ತೇ ಹೊರತು ಕೊಳವೆಯ ತುಂಡಲ್ಲ. ಅದೇ ನಾಲ್ಕು ಇಂಚಿನ ಕೊಳವೆಯಲ್ಲಿ 80 ಲೀಟರ್ ಹಿಡಿಯಬೇಕಾದರೆ ಹತ್ತು ಮೀಟರ್ ಉದ್ದ ಬೇಕಾಗುತ್ತದೆ. ಶಾಲೆಯ ಗೋಡೆಯೇ ಅಷ್ಟು ಎತ್ತರವಿಲ್ಲ.

ಇನ್ನು ಲಭಿಸುವ ನೀರಿನ ಲೆಕ್ಕ. ಇದೇ ಛಾವಣಿಯ ಮೇಲೆ 20 ಮಿಲಿಮೀಟರಿನ ಒಂದು ಹದಮಳೆ ಬಿದ್ದರೆ 1,600 ಲೀಟರ್. ಸಿಡಿದುಹೋಗುವ, ಕಾಂಕ್ರೀಟು ಹೀರಿಕೊಳ್ಳುವ ಪಾಲನ್ನು ಐದರಲ್ಲಿ ಒಂದು ಭಾಗವೆಂದು ಕಳೆದರೆ ಉಳಿಯುವುದು 1,280. ಅದರಲ್ಲಿ 80 ಲೀಟರ್ ಡ್ರಮ್ಮಿಗೆ ಹೋದರೆ ತೊಟ್ಟಿಗೆ ಸೇರುವುದು 1,200 ಲೀಟರ್. ಅರವತ್ತು ಮಕ್ಕಳಿಗೆ ದಿನಕ್ಕೆ ತಲಾ ಎರಡು ಲೀಟರಿನಂತೆ ಇದು ಹತ್ತು ದಿನಗಳ ಕುಡಿಯುವ ನೀರು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಈ ಹತ್ತು ದಿನಗಳ ಬೆಲೆ ಏನೆಂದು ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ನೆಲಕ್ಕಿಳಿಯದ ಮಳೆನೀರಿಗೆ ಬಂಡೆಯ ಫ್ಲೋರೈಡ್ ಸೇರುವ ಅವಕಾಶವೇ ಇರುವುದಿಲ್ಲ.

ಪರಿಷ್ಕರಿಸಿದ ನಿರೂಪಣೆ ಹೀಗಿದೆ.

ಮೊದಲ ಹತ್ತು ಸೆಕೆಂಡು. ದೃಶ್ಯ: ಶಾಲೆಯ ಛಾವಣಿ, ಮೇಲಿನಿಂದ.
“ನಮ್ಮ ಶಾಲೆಯ ಛಾವಣಿಯನ್ನು ನೋಡಿ. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಇಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಎಂಬತ್ತು ಲೀಟರ್ ನೀರು.”

ಹತ್ತರಿಂದ ಮೂವತ್ತನೆಯ ಸೆಕೆಂಡು. ದೃಶ್ಯ: ಮಳೆ ಆರಂಭ, ಕೆಂಪುಗಂದು ನೀರು ಕೊಳವೆಯಲ್ಲಿ ಇಳಿದು ಡ್ರಮ್ ಸೇರುತ್ತದೆ.
“ಬೇಸಿಗೆಯಿಡೀ ಛಾವಣಿಯ ಮೇಲೆ ಧೂಳು, ತರಗೆಲೆ, ಹಕ್ಕಿಯ ಹಿಕ್ಕೆ ಬಿದ್ದಿವೆ. ಮೊದಲ ಮಳೆ ಇವನ್ನು ತೊಳೆಯುತ್ತದೆ. ಆ ಕೊಳೆನೀರು ತೊಟ್ಟಿಗೆ ಹೋಗಬಾರದು. ಅದು ಈ ಡ್ರಮ್ಮಿಗೆ ಇಳಿಯುತ್ತದೆ. ಡ್ರಮ್ ತುಂಬಿದಾಗ ಒಳಗಿನ ಚೆಂಡು ತೇಲಿ ಬಾಯಿ ಮುಚ್ಚುತ್ತದೆ.”

ಮೂವತ್ತರಿಂದ ನಲವತ್ತೈದು. ದೃಶ್ಯ: ತಿಳಿನೀರು ಪಕ್ಕದ ಕವಲಿಗೆ ತಿರುಗುತ್ತದೆ.
“ಇನ್ನು ಬರುವುದು ತಿಳಿನೀರು. ಅದು ಮರಳು, ಇದ್ದಿಲು, ಜಲ್ಲಿಗಳಲ್ಲಿ ಸೋಸಿ ಮುಚ್ಚಿದ ತೊಟ್ಟಿಯನ್ನು ಸೇರುತ್ತದೆ. ಇಪ್ಪತ್ತು ಮಿಲಿಮೀಟರಿನ ಒಂದು ಮಳೆಗೆ ಸುಮಾರು ಸಾವಿರದ ಇನ್ನೂರು ಲೀಟರ್.”

ಕೊನೆಯ ಹದಿನೈದು. ದೃಶ್ಯ: ಮಳೆ ನಿಂತಿದೆ, ಡ್ರಮ್ಮಿನ ತಳದ ನಲ್ಲಿ.
“ಮಳೆ ನಿಂತಿತು. ತಳದ ನಲ್ಲಿಯಿಂದ ಕೊಳೆನೀರು ಸಣ್ಣ ಧಾರೆಯಾಗಿ ಹೊರಹೋಗುತ್ತಿದೆ. ನಾಳೆಯ ಮಳೆಗೆ ಡ್ರಮ್ ಖಾಲಿಯಿರಬೇಕು. ಧಾರೆ ಕಟ್ಟಿದ್ದರೆ ನಲ್ಲಿ ಬಿಚ್ಚಿ ತೊಳೆಯಿರಿ. ತೊಟ್ಟಿಯ ನೀರನ್ನು ಕುದಿಸಿ, ಆರಿಸಿ ಕುಡಿಯಿರಿ.”

ಚಿತ್ರಕಾರರು ಮೊದಲು ಕಳುಹಿಸಿದ ಮಾದರಿಯಲ್ಲಿ ಮೋಡ, ಮಿಂಚು, ನವಿಲುಗಳಿಗೇ ಇಪ್ಪತ್ತು ಸೆಕೆಂಡು ಸಂದಿತ್ತು. ಡ್ರಮ್ಮಿನ ಜಾಗದಲ್ಲಿ ಕೈಬೆರಳಿನಷ್ಟು ಸಪೂರವಾದ ಕೊಳವೆಯಿತ್ತು. ನವಿಲನ್ನು ತೆಗೆಸಲಾಯಿತು. ಡ್ರಮ್ಮನ್ನು ಅದರ ನಿಜವಾದ ಗಾತ್ರದಲ್ಲಿಯೇ ಬರೆಯುವಂತೆ ಸೂಚಿಸಿದ್ದೇನೆ, ಏಕೆಂದರೆ ಸಭೆಯಲ್ಲಿ ಕಂಡ ಚಿತ್ರವನ್ನೇ ಗುತ್ತಿಗೆದಾರರೂ ಗ್ರಾಮಸ್ಥರೂ ನೆನಪಿಟ್ಟುಕೊಳ್ಳುತ್ತಾರೆ.

ಕೊನೆಯ ದೃಶ್ಯದ ನಲ್ಲಿಯ ಬಗ್ಗೆ ಸಭೆಯಲ್ಲಿ ಪ್ರಶ್ನೆಗಳು ಬರುವುದು ಖಚಿತ. ನೀರು ಉಳಿಸಲು ಹೊರಟವರು ನಲ್ಲಿಯನ್ನು ತೆರೆದೇ ಇಡುವುದೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದನ್ನು ಪೂರ್ತಿ ಮುಚ್ಚಿದರೆ ಡ್ರಮ್ ತುಂಬಿಯೇ ಉಳಿಯುತ್ತದೆ, ಚೆಂಡು ಬಾಯಿಯಲ್ಲೇ ನಿಲ್ಲುತ್ತದೆ, ಮುಂದಿನ ವಾರದ ಮಳೆ ತೊಳೆದ ಧೂಳೆಲ್ಲ ನೇರವಾಗಿ ತೊಟ್ಟಿಗೆ ಹೋಗುತ್ತದೆ. ಡ್ರಮ್ ತುಂಬಿರುವಾಗ 200 ಮಿಲಿಲೀಟರಿನ ಒಂದು ಲೋಟ ಮುಕ್ಕಾಲು ನಿಮಿಷದಲ್ಲಿ ತುಂಬುವಷ್ಟು ನಲ್ಲಿಯನ್ನು ತಿರುಗಿಸಿಟ್ಟರೆ ಸಾಕು. ಸಂಜೆ ಮಳೆ ನಿಂತರೆ ಬೆಳಗಾಗುವಷ್ಟರಲ್ಲಿ ಡ್ರಮ್ ಬಹುತೇಕ ಖಾಲಿಯಾಗಿರುತ್ತದೆ. ತಳದಲ್ಲಿ ಕೆಸರು ಕೂರುವುದರಿಂದ ಈ ನಲ್ಲಿಯೇ ಮೊದಲು ಕಟ್ಟಿಕೊಳ್ಳುವುದು. ಪರೀಕ್ಷೆ ಸುಲಭ: ಮಳೆಯ ಮರುದಿನ ಡ್ರಮ್ಮನ್ನು ಕೈಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಸರಿಯಿದೆ. ಗಟ್ಟಿ ಸದ್ದು ಬಂದರೆ ನಲ್ಲಿ ಕಟ್ಟಿದೆ.

ಸೋಸು ತೊಟ್ಟಿ ಇರುವಾಗ ಡ್ರಮ್ ಏಕೆ ಎಂಬ ವಾದವೂ ಬರಬಹುದು. ಮರಳು ಮತ್ತು ಜಲ್ಲಿ ಎಲೆ, ಮಣ್ಣು, ಕಸವನ್ನು ತಡೆಯುತ್ತವೆ. ಹಿಕ್ಕೆ ಕರಗಿದ ನೀರಿನಲ್ಲಿರುವ ರೋಗಾಣುಗಳನ್ನು ಅವು ಪೂರ್ತಿಯಾಗಿ ತಡೆಯಲಾರವು. ಇದ್ದಿಲು ವಾಸನೆಯನ್ನು ಕೊಂಚ ಹೀರಿಕೊಳ್ಳುತ್ತದೆ, ಅಷ್ಟೇ. ಕೊಳೆನೀರೆಲ್ಲ ಸೋಸು ತೊಟ್ಟಿಗೇ ಬಂದರೆ ಮರಳು ಬೇಗನೆ ಕಟ್ಟಿಕೊಂಡು ನೀರು ಮೇಲಿನಿಂದ ಉಕ್ಕಿ ಹರಿಯುತ್ತದೆ. ಕುದಿಸಿ ಕುಡಿಯಿರಿ ಎಂಬ ಮಾತನ್ನು ಡ್ರಮ್ ಸರಿಯಿದ್ದರೂ ನಿರೂಪಣೆಯಿಂದ ತೆಗೆಯಕೂಡದು.

ಅಂದಾಜುಪಟ್ಟಿ ಸಭೆಯ ಮುಂದೆ ಬಂದಾಗ “ಮೊದಲ ಮಳೆ ಕೊಳವೆ, ಸಂಖ್ಯೆ 1” ಎಂದಷ್ಟೇ ಬರೆದಿದ್ದರೆ, ಅದು ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಸದಸ್ಯರು ದಯವಿಟ್ಟು ಕೇಳಬೇಕು. ನಾನು ಕಂಡ ಶಾಲೆಯ ಅಳತೆ ಪುಸ್ತಕದಲ್ಲಿ ಇದ್ದುದೂ ಸಂಖ್ಯೆ ಮಾತ್ರ.

ನಿಮ್ಮ ಊರಿನ ಕಟ್ಟಡಕ್ಕೆ ತಕ್ಕಂತೆ ನಿರೂಪಣೆಯ ಮೂರು ಅಂಕಿಗಳನ್ನು ಬದಲಿಸಿಕೊಳ್ಳಬಹುದು: ಉದ್ದ-ಅಗಲ, ಒಂದು ಮಿಲಿಮೀಟರಿಗೆ ಬರುವ ಲೀಟರ್, ಒಂದು ಮಳೆಗೆ ತೊಟ್ಟಿ ಸೇರುವ ನೀರು. ಛಾವಣಿಯಿಂದ ಎರಡು ಕಡೆ ಕೊಳವೆಗಳು ಇಳಿದಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಡ್ರಮ್ ಬೇಕು. ಆಗ ಲೆಕ್ಕಕ್ಕೆ ಹಿಡಿಯಬೇಕಾದುದು ಇಡೀ ಛಾವಣಿಯನ್ನಲ್ಲ, ಆಯಾ ಕೊಳವೆಯತ್ತ ಇಳಿಜಾರಾಗಿರುವ ಭಾಗವನ್ನು ಮಾತ್ರ. ಯಾವ ನೀರು ಎತ್ತ ಹರಿಯುತ್ತದೆ ಎಂದು ತಿಳಿಯದಿದ್ದರೆ ಒಂದು ಕೊಡ ನೀರನ್ನು ಛಾವಣಿಯ ನಡುವೆ ಸುರಿದು ನೋಡಿರಿ.